ಮುದ್ದೆ ಇದ್ದಷ್ಟೇ ಕಾಣಬೇಕು

ನಮ್ಮ ಅಣ್ಣ ಅತ್ತಿಗೆ ಚನ್ನರಾಯಪಟ್ಟಣದ ಹತ್ತಿರ ಒಂದು ಚಿಕ್ಕ ಹೋಟೆಲ್ ನಡೆಸುತ್ತಾರೆ. ಒಟ್ಟು 6 ಮೇಜು. ಗಲ್ಲಾದಲ್ಲಿ ಅಣ್ಣ, ಒಲೆ ಮುಂದೆ ಅತ್ತಿಗೆ, ಹಿಂದಿನ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಾ ಅಮ್ಮ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಇಷ್ಟು ದಿನ ಅನ್ನ ಸಾಂಬಾರ್ ಮಾತ್ರ ಇತ್ತು. ಈ ಸಲ ಮುದ್ದೆ ಬಸ್ಸಾರು ಶುರು ಮಾಡೋಣ ಅಂತ ಅತ್ತಿಗೆ ಹೇಳಿದರು. ಮನೆಯಲ್ಲಿ ದಿನಾ ಮಾಡುವುದನ್ನೇ ಹೋಟೆಲಿನಲ್ಲೂ ಬಡಿಸುವುದು. ಆ ಹೊಸ ಊಟವನ್ನು ಜನಕ್ಕೆ ತೋರಿಸುವ ವೀಡಿಯೋ ಮಾಡುವ ಕೆಲಸ ನನಗೆ ಬಂತು.

ಮೊದಲ ವೀಡಿಯೋ ಒಂದು ಸಂಜೆ ಅರ್ಧ ಗಂಟೆಯಲ್ಲಿ ಮುಗಿಸಿದೆ. ಫೋನನ್ನು ಮುದ್ದೆಯ ಹತ್ತಿರಕ್ಕೆ ತಂದು, 0.5x ಇಟ್ಟು, ಕೆಳಗಿನಿಂದ ಮೇಲಕ್ಕೆ ತೆಗೆದೆ. ಬಣ್ಣ ಜಾಸ್ತಿ ಮಾಡುವ ಫಿಲ್ಟರ್ ಹಾಕಿದೆ. ಹಿಂದೆ ನನ್ನ ದನಿ: "ಹೊಟ್ಟೆ ಬಿರಿಯುವಷ್ಟು ಊಟ, ಖಾರ ಖಾರ ಬಸ್ಸಾರು, ಒಂದ್ಸಲ ತಿಂದ್ರೆ ಮರೆಯೋದೇ ಇಲ್ಲ." ನೋಡಿದವರು ಜಾಸ್ತಿ ಜನ. ಅಣ್ಣನಿಗೆ ಖುಷಿಯಾಯಿತು.

ಮೂರನೇ ದಿನ ಲಾರಿ ಓಡಿಸುವ ಒಬ್ಬರು ಬಂದು ಕೂತರು. ತಟ್ಟೆ ಮುಂದೆ ಬಂದ ಮೇಲೆ ಒಂದು ಕ್ಷಣ ಸುಮ್ಮನೆ ನೋಡಿದರು. "ಏನಕ್ಕಾ, ಫೋನಲ್ಲಿ ತೋರಿಸಿದ್ದು ಇದೇನಾ?" ಅಂದರು. ಜಗಳ ಮಾಡಲಿಲ್ಲ. ಊಟ ಮಾಡಿ, ದುಡ್ಡು ಕೊಟ್ಟು, ಹೋಗುವಾಗ "ಸಾರು ಚೆನ್ನಾಗಿತ್ತು, ಖಾರ ಅಂದಿದ್ರಲ್ಲ, ಖಾರವೇ ಇರಲಿಲ್ಲ" ಅಂತ ಹೇಳಿ ಹೋದರು. ಅತ್ತಿಗೆ ಅವತ್ತು ರಾತ್ರಿ ನನಗೆ ಫೋನ್ ಮಾಡಿದರು. "ನಾನು ಮಾಡಿದ್ದು ಕಮ್ಮಿ ಅಂತ ಯಾರೂ ಇದುವರೆಗೆ ಹೇಳಿರಲಿಲ್ಲ ಕಣೋ" ಅಂದರು.

ಆ ಮಾತು ನನ್ನನ್ನು ಕೊರೆಯಿತು. ಅತ್ತಿಗೆ ಬಡಿಸಿದ್ದು ಕಮ್ಮಿ ಆಗಿರಲಿಲ್ಲ. ನಾನು ತೋರಿಸಿದ್ದು ಜಾಸ್ತಿಯಾಗಿತ್ತು. ವೀಡಿಯೋ ಅಳಿಸಿ ಮುಂದಿನ ಶನಿವಾರ ಊರಿಗೆ ಹೋದೆ.

ಹೋದವನು ಮೊದಲು ಮಾಡಿದ ಕೆಲಸ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು, ಅತ್ತಿಗೆ ಕಟ್ಟಿದ 10 ಮುದ್ದೆಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಅತ್ತಿಗೆ ಕೈ ಪಳಗಿದ ಕೈ. ಆದರೂ ಒಂದು 230 ಗ್ರಾಂ ಬಂತು, ಒಂದು 305. ಪಾತ್ರೆಯ ಮೊದಲ ಮುದ್ದೆಗಳು ದೊಡ್ಡವು, ಹಿಟ್ಟು ಮುಗಿಯುತ್ತಾ ಬಂದ ಹಾಗೆ ಚಿಕ್ಕವು. ಮನೆಯಲ್ಲಿ ಇದು ವಿಷಯವೇ ಅಲ್ಲ, ಬೇಕಾದವರು ಇನ್ನೊಂದು ಚೂರು ಹಾಕಿಸಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಪಕ್ಕದವನ ತಟ್ಟೆ ಕಣ್ಣಿಗೆ ಕಾಣುತ್ತದೆ. ಅದೂ ಅಲ್ಲದೆ, ಯಾವ ಮುದ್ದೆಯನ್ನು ವೀಡಿಯೋದಲ್ಲಿ ತೋರಿಸಬೇಕು? ಸಹಜವಾಗಿ ಕೈ ಹೋಗುವುದು 305 ಗ್ರಾಮಿನ ಮುದ್ದೆಗೆ. ಅದು ಸುಳ್ಳು ಮುದ್ದೆಯೇನೂ ಅಲ್ಲ, ಅತ್ತಿಗೆಯೇ ಕಟ್ಟಿದ್ದು. ಆದರೆ ನೋಡಿ ಬಂದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಅದಕ್ಕಿಂತ ಚಿಕ್ಕದೇ ಸಿಗುತ್ತದೆ. ಹಾಗಾಗಿ ತಟ್ಟೆಗೆ ಬೀಳುವ ಮುದ್ದೆಯ ಅಳತೆ ಗಟ್ಟಿಯಾಗುವ ತನಕ ಕ್ಯಾಮೆರಾ ತೆಗೆಯುವುದೇ ಬೇಡ ಅಂದುಕೊಂಡೆ.

ದಾರಿ ಹೇಳಿದ್ದು ಅಮ್ಮ. ಒಂದು ಗುಂಡನೆಯ ಸ್ಟೀಲ್ ಬಟ್ಟಲಿನ ಒಳಗೆ ನೀರು ಸವರಿ, ಅದರ ತುಂಬ ಹಿಟ್ಟು ಒತ್ತಿ, ತಟ್ಟೆಗೆ ಬೋರಲು ಹಾಕುವುದು. ನಮ್ಮ ಕಡೆ ಮುದ್ದೆಯನ್ನು ಹಿಟ್ಟು ಅಂತಲೂ ಅನ್ನುತ್ತಾರೆ, ಗೊತ್ತಲ್ಲ. ಹೀಗೆ ಮಾಡಿ ಮತ್ತೆ 10 ಮುದ್ದೆ ತೂಗಿದೆವು. ಎಲ್ಲವೂ 240ರಿಂದ 260 ಗ್ರಾಮಿನ ಒಳಗೆ ಬಂದವು. ಸುಮಾರು 250 ಗ್ರಾಂ ಅಂತ ಈಗ ಧೈರ್ಯವಾಗಿ ಹೇಳಬಹುದು.

ಆದರೆ ತೂಕವೊಂದನ್ನೇ ನಂಬುವ ಹಾಗಿಲ್ಲ. ಅತ್ತಿಗೆಯ ಲೆಕ್ಕ ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ಎಸರು ಕುದಿಯುವಾಗ ಹಿಟ್ಟು ಹಾಕಿ, ಬೇಯಲು ಬಿಟ್ಟು, ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವುತ್ತಾರೆ. ಅವರ ಲೋಟದಲ್ಲಿ ಹಿಟ್ಟು ಸುಮಾರು 125 ಗ್ರಾಂ ಹಿಡಿಯುತ್ತದೆ, ಅದರಲ್ಲಿ ಎರಡು ಮುದ್ದೆ ಆಗುತ್ತದೆ. ಅಂದರೆ 250 ಗ್ರಾಮಿನ ಒಂದು ಮುದ್ದೆಯಲ್ಲಿ ಹಿಟ್ಟು 60 ಗ್ರಾಮಿನ ಆಸುಪಾಸು, ಉಳಿದದ್ದೆಲ್ಲ ನೀರು. ನೀರು ಸ್ವಲ್ಪ ಜಾಸ್ತಿ ಹಾಕಿದರೆ ಅದೇ ಹಿಟ್ಟಿನಲ್ಲಿ ತೂಕ ಏರುತ್ತದೆ, ಬಟ್ಟಲೂ ತುಂಬುತ್ತದೆ. ತಿಂದವನಿಗೆ ಮಾತ್ರ ಬೇಗ ಹಸಿವಾಗುತ್ತದೆ. ಇದನ್ನು ಕಣ್ಣಲ್ಲೇ ಗುರುತಿಸಬಹುದು. ಬಟ್ಟಲು ಎತ್ತಿದ ಮೇಲೆ ಸರಿಯಾದ ಹದದ ಮುದ್ದೆ ನೆಟ್ಟಗೆ ನಿಲ್ಲುತ್ತದೆ, ಒದ್ದೆ ಬೆರಳಿಗೆ ಅಂಟುವುದಿಲ್ಲ. ನೀರು ಜಾಸ್ತಿಯಾದದ್ದು ನಿಧಾನಕ್ಕೆ ಕುಸಿದು ತಟ್ಟೆಯಲ್ಲಿ ಹರಡುತ್ತದೆ.

ಇದನ್ನು ನೋಡುತ್ತಿದ್ದಾಗಲೇ ವೀಡಿಯೋದ ಮುಖ್ಯ ದೃಶ್ಯ ಸಿಕ್ಕಿಬಿಟ್ಟಿತು. ಊಟವನ್ನು ಮೊದಲ ಸಲ ತೋರಿಸುವ ಕ್ಷಣಕ್ಕೆ ಜನ ಏನೇನೋ ಮಾಡುತ್ತಾರೆ, ಮೇಲೆ ಮುಚ್ಚಿದ ಬಟ್ಟೆ ಸರಿಸುತ್ತಾರೆ, ಬಾಳೆ ಎಲೆ ಬಿಚ್ಚುತ್ತಾರೆ. ನಮ್ಮಲ್ಲಿ ಆ ಬಟ್ಟಲನ್ನು ಎತ್ತುವುದೇ ಸಾಕು. ದಿನಾ ಹೇಗೆ ಬಡಿಸುತ್ತಾರೋ ಹಾಗೆಯೇ. ಬಟ್ಟಲು ಎತ್ತಿ ಎರಡು ಮೂರು ಸೆಕೆಂಡ್ ಕ್ಯಾಮೆರಾ ಅಲ್ಲೇ ನಿಂತರೆ, ಮುದ್ದೆಯ ಹದ ಎಂಥದ್ದು ಅಂತ ನಮ್ಮ ಕಡೆಯ ಯಾರಿಗಾದರೂ ಗೊತ್ತಾಗುತ್ತದೆ.

ಈಗ ಗಾತ್ರ ಕಾಣುವ ವಿಷಯ. ಮೊದಲ ವೀಡಿಯೋದಲ್ಲಿ ಮುದ್ದೆ ಸುಲಿದ ತೆಂಗಿನಕಾಯಿಯಷ್ಟು ಕಂಡಿತ್ತು. ಯಾಕೆ ಅಂತ ಕೂತು ಲೆಕ್ಕ ಹಾಕಿದೆ. ಅವತ್ತು ಫೋನ್ ಮುದ್ದೆಯಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿತ್ತು. ಹಿಂದೆ ಇಟ್ಟಿದ್ದ ನೀರಿನ ಲೋಟ ಫೋನಿನಿಂದ 30 ಸೆಂಟಿಮೀಟರ್. ಲೋಟ ಮೂರು ಪಟ್ಟು ದೂರ ಇದ್ದರೆ, ಮುದ್ದೆಯ ಪಕ್ಕ ಇಟ್ಟಾಗ ಕಾಣುವುದರ ಮೂರನೇ ಒಂದು ಭಾಗದಷ್ಟೇ ಕಾಣುತ್ತದೆ. ಲೋಟ ಎಷ್ಟು ದೊಡ್ಡದು ಅಂತ ನಮ್ಮ ಮನಸ್ಸಿಗೆ ಗೊತ್ತು. ಹಾಗಾಗಿ ಮನಸ್ಸು ಲೋಟವನ್ನು ಸರಿಯಾದ ಅಳತೆ ಅಂತಲೇ ತೆಗೆದುಕೊಂಡು, ಮುದ್ದೆಯನ್ನು ದೈತ್ಯ ಮಾಡಿಬಿಡುತ್ತದೆ. 0.5x ಅದಕ್ಕೆ ಸಹಾಯ ಮಾಡಿತು, ಯಾಕೆಂದರೆ ಅಷ್ಟು ಹತ್ತಿರ ಹೋದರೂ ಇಡೀ ತಟ್ಟೆ ಫ್ರೇಮಿನಲ್ಲಿ ಹಿಡಿಯುತ್ತದೆ. ಕೆಳಗಿನಿಂದ ತೆಗೆದದ್ದು ಇನ್ನಷ್ಟು ಎತ್ತರ ಕೊಟ್ಟಿತು.

ಈ ಸಲ ಫೋನನ್ನು 60 ಸೆಂಟಿಮೀಟರ್ ದೂರ ಇಟ್ಟು 2x ಮಾಡಿದೆ. ಮೇಜಿನ ಈ ಕಡೆ ಕುಂತು ಊಟ ಮಾಡುವವನ ಕಣ್ಣು ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿ, ಅಷ್ಟೇ ಎತ್ತರದಲ್ಲಿ ಇರುತ್ತದೆ. ನೀರಿನ ಲೋಟವನ್ನು ತಟ್ಟೆಯ ಹಿಂದೆ ಇಡದೆ ಮುದ್ದೆಯ ಪಕ್ಕಕ್ಕೆ, ಸಮಕ್ಕೆ ಇಟ್ಟೆ. ತಟ್ಟೆಯೂ ದಿನಾ ಬಡಿಸುವ ದೊಡ್ಡ ತಟ್ಟೆಯೇ. ಚಿಕ್ಕ ತಟ್ಟೆಯಲ್ಲಿ ಇಟ್ಟರೆ ತುಂಬಿದ ಹಾಗೆ ಕಾಣುತ್ತದೆ ಅಂತ ಅಣ್ಣ ಹೇಳಿದ. ಕಾಣುತ್ತದೆ, ನಿಜ. ಆದರೆ ಬಂದವರ ಮುಂದೆ ಬರುವುದು ದೊಡ್ಡ ತಟ್ಟೆ.

250 ಗ್ರಾಂ ಅಂತ ತೆರೆ ಮೇಲೆ ಬರೆದೆವು. ಆದರೆ ಬೇಯಿಸಿದ ಮುದ್ದೆಯ ತೂಕ ಕೇಳಿ ಗಾತ್ರ ಊಹಿಸುವವರು ಯಾರೂ ಇಲ್ಲ. ಮುಷ್ಟಿಯಷ್ಟು ಅನ್ನಬಹುದಿತ್ತು. ಅಣ್ಣನ ಮುಷ್ಟಿ ಬೇರೆ, ಅಮ್ಮನದು ಬೇರೆ. ಕೊನೆಗೆ ಅಣ್ಣನ ಮಗ ಕ್ರಿಕೆಟ್ ಚೆಂಡು ತಂದು ಪಕ್ಕದಲ್ಲಿಟ್ಟ. ಲೆದರ್ ಚೆಂಡಿನ ಸುತ್ತಳತೆ ನಿಯಮದ ಪ್ರಕಾರ 22.4ರಿಂದ 22.9 ಸೆಂಟಿಮೀಟರ್ ಇರಬೇಕು. ಅಂದರೆ ಅಡ್ಡಕ್ಕೆ 7 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಎಲ್ಲ ಊರಲ್ಲೂ ಅದೇ ಅಳತೆ. ನಮ್ಮ ಮುದ್ದೆ ಅದಕ್ಕಿಂತ ಚೂರು ದಪ್ಪ, ತಳ ಮಾತ್ರ ಚಪ್ಪಟೆ. ಊಟದ ವೀಡಿಯೋದಲ್ಲಿ ಚೆಂಡು ಇಡುವುದು ಚೆನ್ನಾಗಿರುವುದಿಲ್ಲ ಅಂತ ಅದನ್ನು ಮಾತಿನಲ್ಲಿ ಮಾತ್ರ ಹೇಳಿದೆವು.

ತುಪ್ಪದ ವಿಷಯದಲ್ಲಿ ಅಣ್ಣನಿಗೂ ನನಗೂ ಸ್ವಲ್ಪ ವಾದವಾಯಿತು. ಮುದ್ದೆ ಕ್ಯಾಮೆರಾಕ್ಕೆ ಒಲಿಯುವ ಊಟ ಅಲ್ಲ. ಕಂದು ಬಣ್ಣದ ಉಂಡೆ, ಪಕ್ಕದಲ್ಲಿ ಮಬ್ಬು ಬಣ್ಣದ ಸಾರು. "ಮುದ್ದೆ ಮೇಲೆ ಗುಳಿ ಮಾಡಿ ಒಂದು ಚಮಚ ತುಪ್ಪ ಬಿಡು, ಹೊಳೆಯುತ್ತೆ" ಅಂದ ಅಣ್ಣ. 70 ರೂಪಾಯಿ ಊಟಕ್ಕೆ ತುಪ್ಪ ಹಾಕುತ್ತೀಯಾ ಅಂತ ಕೇಳಿದೆ. ಕೇಳಿದವರಿಗೆ ಹಾಕೋಣ ಅಂದ. ಹಾಗಾದರೆ ನೋಡಿ ಬಂದವರೆಲ್ಲ ಕೇಳುತ್ತಾರೆ. ಎಲ್ಲರಿಗೂ ಹಾಕಿದರೆ ಲೆಕ್ಕ ತಪ್ಪುತ್ತದೆ, ಹಾಕದಿದ್ದರೆ ಮಾತು ತಪ್ಪುತ್ತದೆ. ಅತ್ತಿಗೆ ಒಲೆ ಕಡೆಯಿಂದಲೇ "ತಟ್ಟೇಲಿ ಇಲ್ಲದ್ದು ಫೋನಲ್ಲಿ ಬೇಡ" ಅಂದರು. ಅಲ್ಲಿಗೆ ಮುಗಿಯಿತು. ಕೊತ್ತಂಬರಿ ಸೊಪ್ಪಿನ ಅಲಂಕಾರವೂ ಅದೇ ಲೆಕ್ಕದಲ್ಲಿ ಹೋಯಿತು. ಈರುಳ್ಳಿ ಹೋಳು ಉಳಿಯಿತು, ಯಾಕೆಂದರೆ ಅದು ಎಲ್ಲರ ತಟ್ಟೆಗೂ ಹೋಗುತ್ತದೆ.

ಇದು ನಮ್ಮ ಮನೆಯ ನಿಯಮ ಮಾತ್ರ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಯಾವುದು ಅಂತ ಹೇಳುವ ಕಡೆ, ಪ್ರಮಾಣ ಮತ್ತು ಗುಣಮಟ್ಟದ ಬಗ್ಗೆ ಗ್ರಾಹಕರನ್ನು ತಪ್ಪು ತಿಳಿಯುವ ಹಾಗೆ ಮಾಡುವುದೂ ಸೇರಿದೆ. ಹೋಟೆಲಿನವರು ಹಾಕುವ ವೀಡಿಯೋ ಹೋಟೆಲಿನ ಜಾಹೀರಾತೇ ತಾನೇ?

ಇನ್ನು ಬಣ್ಣ. ಲಾರಿಯವರು ಖಾರ ಇಲ್ಲ ಅಂದದ್ದಕ್ಕೆ ನನ್ನ ಮಾತು ಅರ್ಧ ಕಾರಣ, ಬಣ್ಣ ಇನ್ನರ್ಧ. ಅತ್ತಿಗೆ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕುತ್ತಾರೆ. ಬ್ಯಾಡಗಿ ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಕಡಿಮೆ. ಬಸ್ಸಾರಿನಲ್ಲಿ ಅದು ಸೊಪ್ಪು ಬೇಯಿಸಿದ ನೀರಿನ ಜೊತೆ ಸೇರಿ ಕಂದು ಬಣ್ಣಕ್ಕೆ ತಿರುಗುತ್ತದೆ. ನನ್ನ ಫಿಲ್ಟರ್ ಆ ಕಂದನ್ನು ಕಡುಕೆಂಪು ಮಾಡಿತ್ತು. ಕೆಂಪು ನೋಡಿದವರು ಖಾರ ಅಂತ ನಂಬಿದರು. ಈ ಸಲ ಫಿಲ್ಟರ್ ಇಲ್ಲ. ಬೆಳಿಗ್ಗೆ ಹನ್ನೊಂದೂವರೆಗೆ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪಕ್ಕದ ಮೇಜಿನಲ್ಲಿ ತೆಗೆದೆವು. ಸಂಜೆಯ ವೀಡಿಯೋದಲ್ಲಿ ತೆರೆಯ ಮೇಲೆ ಪಟ್ಟೆ ಪಟ್ಟೆ ಓಡುತ್ತಿದ್ದದ್ದೂ ಟ್ಯೂಬ್‌ಲೈಟಿನಿಂದಲೇ. ನಮ್ಮ ಕರೆಂಟು 50 ಹರ್ಟ್ಸ್. ಆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ರಾತ್ರಿ ತೆಗೆಯಲೇಬೇಕಾದರೆ ಫೋನಿನಲ್ಲಿ ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ.

ಹಬೆ ಕಾಣಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಬಿಸಿ ಮುದ್ದೆ ಅಂದರೆ ಹಬೆ ಅಲ್ವಾ? ಅದಕ್ಕೆ ಮೋಸದ ಕೆಲಸ ಏನೂ ಬೇಕಿಲ್ಲ. ಬೆಳಕು ಪಕ್ಕದಿಂದ ಸ್ವಲ್ಪ ಹಿಂದೆ ಇದ್ದು, ಹಿನ್ನೆಲೆ ಕತ್ತಲಾಗಿದ್ದರೆ ಇರುವ ಹಬೆಯೇ ಚೆನ್ನಾಗಿ ಕಾಣುತ್ತದೆ. ಅಡುಗೆಮನೆಯ ಕಪ್ಪು ಬಾಗಿಲು ಹಿಂದೆ ಬರುವ ಹಾಗೆ ಮೇಜು ತಿರುಗಿಸಿದೆವು. ಸಮಯ ಮಾತ್ರ ಕಡಿಮೆ. ಬಟ್ಟಲು ಎತ್ತಿ ಎರಡು ಮೂರು ನಿಮಿಷದಲ್ಲಿ ಮುದ್ದೆಯ ಮೇಲೆ ಸಿಪ್ಪೆ ಕಟ್ಟಿ ಹಬೆ ನಿಲ್ಲುತ್ತದೆ. ಆಮೇಲೆ ಬೆರಳಲ್ಲಿ ಮುರಿದರೆ ಒಳಗಿನಿಂದ ಮತ್ತೆ ಬರುತ್ತದೆ. ಹೀಗೆ ಹಬೆ ಹಿಡಿಯಲು ಬಳಸಿದ ನಾಲ್ಕು ಮುದ್ದೆ ಹಾಳಾಗಲಿಲ್ಲ, ತೆಗೆದ ಮೇಲೆ ನಾವೇ ತಿಂದೆವು.

ಎಲ್ಲಕ್ಕಿಂತ ಕಷ್ಟವಾದದ್ದು ರುಚಿಯ ಮಾತು. ನನಗೆ ಬಾಯಿಗೆ ಬರುತ್ತಿದ್ದದ್ದು ಅದ್ಭುತ, ಸೂಪರ್, ಅಮೃತ. ಇವು ಮುದ್ದೆಗೂ ಸಲ್ಲುತ್ತವೆ, ಮೈಸೂರು ಪಾಕಿಗೂ ಸಲ್ಲುತ್ತವೆ. ಕೇಳಿದವನಿಗೆ ಬಾಯಲ್ಲಿ ಏನೂ ಹುಟ್ಟುವುದಿಲ್ಲ. ಹಾಗಾಗಿ ಮಧ್ಯಾಹ್ನ ಊಟಕ್ಕೆ ಬಂದ ಐದಾರು ಜನರನ್ನು ಕೇಳಿದೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಮನೆಯಲ್ಲಿ ಹೆಂಡತಿಗೆ ಈ ಸಾರು ಹೇಗಿತ್ತು ಅಂತ ಹೇಳುತ್ತೀರಿ ಅಂತ ಕೇಳಿದೆ. ಒಬ್ಬರು "ತಿಳಿಯಾಗಿತ್ತು, ಬೆಳ್ಳುಳ್ಳಿ ಮುಂದಿತ್ತು" ಅಂದರು. ಇನ್ನೊಬ್ಬರು "ಕಮ್ಮಗಿತ್ತು, ಹುಳಿ ಒಂದು ಚೂರು ಜಾಸ್ತಿ" ಅಂದರು. ಶಾಲೆ ಮೇಷ್ಟ್ರೊಬ್ಬರು "ಮಗು ಕೂಡ ಉಣ್ಣಬಹುದು, ಅಷ್ಟೇ ಖಾರ" ಅಂದರು. ಯಾರೂ ಅದ್ಭುತ ಅನ್ನಲಿಲ್ಲ. ಆದರೆ ಈ ಮೂರು ಮಾತು ಕೇಳಿದರೆ ಸಾರು ನಾಲಿಗೆ ಮೇಲೆ ಬಂದು ಕೂರುತ್ತದೆ.

ಅತ್ತಿಗೆ ಹೇಳಿದ್ದು ಇನ್ನೂ ನಿಖರ. "ಮೊದಲು ಹುಳಿ ಗೊತ್ತಾಗುತ್ತೆ. ನುಂಗಿದ ಮೇಲೆ ಗಂಟಲಲ್ಲಿ ಮೆಣಸು ಗೊತ್ತಾಗುತ್ತೆ." ಹೌದಲ್ಲ, ಬಸ್ಸಾರು ಹಾಗೆಯೇ. ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಆ ನೀರಿಗೆ ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಮೆಣಸು, ಕಾಯಿ, ಹುಣಸೆ, ಸಾರಿನ ಪುಡಿ ಎಲ್ಲ ರುಬ್ಬಿ ಹಾಕುತ್ತಾರೆ. ಬಸಿದು ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಣಮೆಣಸಿನಕಾಯಿಯ ಖಾರ ಬೇರೆ, ಕಾಳುಮೆಣಸಿನದು ಬೇರೆ. ಅತ್ತಿಗೆಯ ಸಾರಿನಲ್ಲಿ ಕಾಳುಮೆಣಸು ತಡವಾಗಿ, ಗಂಟಲಲ್ಲಿ ಬೆಚ್ಚಗೆ ಏಳುತ್ತದೆ. ಖಾರ ಅನ್ನುವ ಒಂದೇ ಪದದಲ್ಲಿ ಎರಡನ್ನೂ ಹಾಕಿದ್ದೇ ನನ್ನ ತಪ್ಪು.

ಮುದ್ದೆಯ ರುಚಿ ಹೇಳುವುದು ಹೇಗೆ? ಅದು ಸಪ್ಪೆ. ಅತ್ತಿಗೆ ಅದಕ್ಕೆ ಉಪ್ಪು ಹಾಕುವುದಿಲ್ಲ. ಸಪ್ಪೆ ಅಂತ ಜಾಹೀರಾತಿನಲ್ಲಿ ಯಾರಾದರೂ ಹೇಳುತ್ತಾರಾ ಅಂತ ಅಣ್ಣ ಕೇಳಿದ. ನಮ್ಮ ಹೋಟೆಲ್ ಮುಂದಿನ ರಸ್ತೆಯಲ್ಲಿ ಬೇರೆ ಕಡೆಯವರೂ ಓಡಾಡುತ್ತಾರೆ. ಅವರಲ್ಲಿ ಒಬ್ಬರು ಮುದ್ದೆಯನ್ನು ಅಗಿದು ಅಗಿದು, ಅದು ಹಲ್ಲಿಗೆ ಅಂಟಿ, ಅರ್ಧ ಬಿಟ್ಟು ಎದ್ದಿದ್ದನ್ನು ಅಮ್ಮ ನೋಡಿದ್ದಾರೆ. ಸಪ್ಪೆ ಇರುತ್ತೆ, ಸಾರಲ್ಲಿ ಅದ್ದಿ ನುಂಗಬೇಕು ಅಂತ ಮೊದಲೇ ಹೇಳಿದರೆ ಅವರು ತಯಾರಾಗಿ ಬರುತ್ತಾರೆ, ಇಲ್ಲವೇ ಅನ್ನದ ಊಟ ಕೇಳುತ್ತಾರೆ. ನಮ್ಮ ಕಡೆಯವರಿಗಂತೂ ಸಪ್ಪೆ ಅನ್ನುವುದು ಬೈಗುಳ ಅಲ್ಲ. ಸಾರಿನ ಹುಳಿ, ಉಪ್ಪು, ಮೆಣಸು ಎಲ್ಲವನ್ನೂ ಹೊತ್ತುಕೊಂಡು ಹೋಗುವುದು ಆ ಸಪ್ಪೆಯೇ.

ದನಿಯೂ ಅತ್ತಿಗೆಯದೇ ಆಗಲಿ ಅಂತ ಹೇಳಿದೆ. ಎರಡು ಸಲ ತಡವರಿಸಿದರು, ಮೂರನೇ ಸಲ ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರು. ಅದನ್ನೇ ಇಟ್ಟುಕೊಂಡೆವು. ಒಟ್ಟು 40 ಸೆಕೆಂಡ್:

"ಇದು ನಮ್ಮ ಹೋಟ್ಲಲ್ಲಿ ಮಧ್ಯಾಹ್ನದ ಊಟ. ಒಂದು ಮುದ್ದೆ, ಕ್ರಿಕೆಟ್ ಚೆಂಡಿಗಿಂತ ಚೂರು ದಪ್ಪ. ಒಂದು ಬಟ್ಟಲು ಬಸ್ಸಾರು, ಎರಡು ಚಮಚ ಸೊಪ್ಪಿನ ಪಲ್ಯ, ಒಂದು ಸೌಟು ಅನ್ನ. ಸಾರು ಇನ್ನೊಂದ್ಸಲ ಬಡಿಸ್ತೀವಿ, ಅದಕ್ಕೆ ದುಡ್ಡಿಲ್ಲ. ಇನ್ನೊಂದು ಮುದ್ದೆ ಬೇಕಂದ್ರೆ ಇಪ್ಪತ್ತು ರೂಪಾಯಿ. ಮುದ್ದೆಗೆ ಉಪ್ಪು ಹಾಕಲ್ಲ, ಸಪ್ಪೆ ಇರುತ್ತೆ, ಸಾರಲ್ಲಿ ಅದ್ದಿ ನುಂಗಬೇಕು. ಸಾರು ಮೊದಲು ಹುಳಿ, ಆಮೇಲೆ ಗಂಟಲಲ್ಲಿ ಮೆಣಸು. ಖಾರ ಕಮ್ಮಿ. ಇವತ್ತು ದಂಟಿನ ಸೊಪ್ಪು, ಹೆಸರುಕಾಳು. ನಾಳೆ ಬೇರೆ ಸೊಪ್ಪು ಇರಬಹುದು. ಎಪ್ಪತ್ತು ರೂಪಾಯಿ. ಹನ್ನೆರಡೂವರೆಯಿಂದ ಮೂರು ಗಂಟೆ ತನಕ."

ಸಾರು ಎಷ್ಟು ಸಲ ಬೇಕಾದರೂ ಅಂತ ಹೇಳಬಹುದಿತ್ತು. ಆದರೆ ಎರಡೂವರೆ ಗಂಟೆಗೆ ಪಾತ್ರೆ ತಳ ಕಾಣುತ್ತದೆ. ಒಂದು ಸಲ ಖಂಡಿತ ಬಡಿಸಬಹುದು ಅನ್ನುವುದು ಅತ್ತಿಗೆಯ ಅಂದಾಜು, ಅದನ್ನೇ ಹೇಳಿದ್ದು. ಮೂರು ಗಂಟೆ ತನಕ ಅನ್ನುವುದಕ್ಕೂ ಕಾರಣ ಇದೆ. ಅದರ ಮೇಲೆ ಮುದ್ದೆ ಆರಿ ಗಟ್ಟಿಯಾಗುತ್ತದೆ, ವೀಡಿಯೋದಲ್ಲಿ ಕಂಡ ಮುದ್ದೆ ಅದಲ್ಲ.

ದೃಶ್ಯವೂ ಒಂದೇ ಎಳೆಯದು. ಬಟ್ಟಲು ಎತ್ತುವುದು, ಸೌಟಿನಿಂದ ಸಾರು ಬೀಳುವುದು, ಪಲ್ಯ, ಅನ್ನ, ಈರುಳ್ಳಿ, ಆಮೇಲೆ ಒಂದು ಕೈ ಬಂದು ಮುದ್ದೆ ಮುರಿದು ಸಾರಿಗೆ ಅದ್ದುವುದು. ನಡುವೆ ಕಟ್ ಮಾಡಲಿಲ್ಲ. ಕಟ್ ಮಾಡಿದರೆ ನಡುವೆ ಒಂದು ಸೌಟು ಸೇರಿಸಿದರೋ ಏನೋ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ. ಬೆಲೆ ಮತ್ತು ತೂಕದ ಅಕ್ಷರಗಳನ್ನು ತೆರೆಯ ಮೇಲ್ಭಾಗದಲ್ಲಿ ಹಾಕಿದೆ. ರೀಲ್ಸಿನಲ್ಲಿ ಕೆಳಗಿನ ಭಾಗವನ್ನು ಹೆಸರು ಮತ್ತು ಬರಹ ಮುಚ್ಚಿಬಿಡುತ್ತದೆ, ಅಲ್ಲಿ ಬರೆದ ಬೆಲೆ ಯಾರಿಗೂ ಕಾಣುವುದಿಲ್ಲ.

ಈ ವೀಡಿಯೋವನ್ನು ಮೊದಲಿನದಕ್ಕಿಂತ ಕಡಿಮೆ ಜನ ನೋಡಿದರು. ಅಣ್ಣನಿಗೆ ಮೊದಲ ವಾರ ಬೇಸರವಿತ್ತು. ಬಂದವರು ಮಾತ್ರ ಕೂತ ತಕ್ಷಣ "ಒಂದೂವರೆ ಮುದ್ದೆ ಕೊಡಿ" ಅಂತ ಕೇಳತೊಡಗಿದರು. ತಮಗೆ ಎಷ್ಟು ಬೇಕು ಅಂತ ಮನೆಯಿಂದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಅರ್ಧ ಮುದ್ದೆಗೆ 10 ರೂಪಾಯಿ ಅಂತ ಅಣ್ಣ ಬೋರ್ಡಿನಲ್ಲಿ ಸೇರಿಸಿದ. ತಟ್ಟೆಯಲ್ಲಿ ಬಿಟ್ಟು ಹೋಗುವುದು ಕಡಿಮೆಯಾಗಿದೆ ಅಂತ ಅಮ್ಮ ಹೇಳುತ್ತಾರೆ. ತಟ್ಟೆ ತೊಳೆಯುವ ಕಡೆ ಕೂರುವುದು ಅವರೇ, ಹಾಗಾಗಿ ಅವರ ಮಾತು ನಂಬುತ್ತೇನೆ.

ಡಿಸೆಂಬರಿನಲ್ಲಿ ಅವರೆ ಬರುತ್ತದೆ. ಆಗ ಇದೇ ವೀಡಿಯೋ ನಡೆಯುವುದಿಲ್ಲ. "ಸೊಗಡು ಜಾಸ್ತಿ ಇರುತ್ತೆ, ಹುಳಿ ಕಮ್ಮಿ ಹಾಕ್ತೀನಿ, ಬೇರೆ ಥರ ಹೇಳಬೇಕು" ಅಂತ ಅತ್ತಿಗೆ ಈಗಲೇ ಹೇಳಿಟ್ಟಿದ್ದಾರೆ. ಕಾಳು ದುಬಾರಿಯಾದರೆ ಪಲ್ಯ ಎರಡು ಚಮಚವೋ ಒಂದೂವರೆಯೋ, ಅದನ್ನು ಅವತ್ತು ಅಳೆದು ನೋಡಬೇಕು. ತಕ್ಕಡಿ ಅಡುಗೆಮನೆಯಲ್ಲೇ ಇದೆ, ಹಿಟ್ಟಿನ ಡಬ್ಬದ ಪಕ್ಕ.